ಮಳೆಯಲ್ಲಿ ತೊಯ್ದ ಪಾರ್ಸೆಲ್: ಕೊಂಡವರು ಏನು ದಾಖಲೆ ಮಾಡಬೇಕು, ಮಾರಿದವರು ಕ್ಲೇಮ್ ಹೇಗೆ ಹಾಕಬೇಕು

ಕಳೆದ ಜುಲೈನ ಒಂದು ಬುಧವಾರ. ಸಂಜೆ ಏಳಕ್ಕೆ ಹತ್ತಿರ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ ಒಂದು ಬಾಕ್ಸ್ ಬಂತು. ಬೆಟಗೇರಿಯ ಒಬ್ಬ ಅಕ್ಕ ಕಳಿಸಿದ ಎರಡು ಕೈಮಗ್ಗದ ಸೀರೆ, ಅವ್ವನಿಗೆ. ಒಂದಕ್ಕೆ ₹3,400, ಎರಡಕ್ಕೆ ₹6,800, ಕೊರಿಯರ್ ಖರ್ಚು ₹120. ಹೊರಗೆ ಮಳೆ ಜೋರಾಗಿತ್ತು. ಬಾಕ್ಸ್ ಕೈಗೆ ತಗೊಂಡಾಗ ತಳ ಮೆತ್ತಗಿತ್ತು, ಬೆರಳು ಒಳಗೆ ಹೋಗುವಷ್ಟು.

"ಈಗ ಬರೂವಾಗ ಮಳ್ಯಾಗ ತೊಯ್ತ್ರಿ ಸರ್, ಒಳಗ ಏನೂ ಆಗಿರಂಗಿಲ್ಲ" ಅಂದ ಡೆಲಿವರಿ ಹುಡುಗ.

ಒಳಗೆ ಆಗಿತ್ತು. ಹಾಲುಬಣ್ಣದ ಒಡಲಿನ ಸೀರೆಗೆ ಕೆಂಪು ದಡಿಯ ಬಣ್ಣ ಬಿಟ್ಟಿತ್ತು. ಆ ಒಂದು ಪಾರ್ಸೆಲ್ ಇಟ್ಟುಕೊಂಡೇ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ಯಾಕಂದ್ರೆ ಅದರಲ್ಲಿ ನಾವು ಸರಿ ಮಾಡಿದ್ದೂ ಇದೆ, ತಪ್ಪು ಮಾಡಿದ್ದೂ ಇದೆ.

ಮೊದಲು ಯಾರು ಯಾರನ್ನು ಕೇಳಬೇಕು ಅನ್ನೋದು

ಪಾರ್ಸೆಲ್ ತೊಯ್ದ ತಕ್ಷಣ ಜನ ಕೊರಿಯರ್ ಆಫೀಸಿಗೆ ಫೋನ್ ಹಚ್ಚುತ್ತಾರೆ. ಅಲ್ಲಿ ಸಿಗುವ ಉತ್ತರ ಒಂದೇ: "ಕಳಿಸಿದವರು ಕಂಪ್ಲೇಂಟ್ ಕೊಡಬೇಕ್ರಿ." ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಅದು ಪೂರ್ತಿ ಸುಳ್ಳಲ್ಲ. ಬುಕ್ ಮಾಡಿ ದುಡ್ಡು ಕೊಟ್ಟವರು ಮಾರಾಟಗಾರರು. ಕೊರಿಯರ್ ಜೊತೆ ಒಪ್ಪಂದ ಇರುವುದು ಅವರಿಗೆ. ಕೊಂಡವರ ವ್ಯವಹಾರ ಮಾರಾಟಗಾರರ ಜೊತೆ.

ಹಾಗಾಗಿ ದಾರಿ ಎರಡು ಹಂತದ್ದು. ಕೊಂಡವರು ಮಾರಿದವರನ್ನು ಕೇಳಬೇಕು, ಮಾರಿದವರು ಕೊರಿಯರನ್ನು ಕೇಳಬೇಕು. ತೊಡಕು ಇರೋದು ಇಲ್ಲೇ. ಕೊರಿಯರ್ ಮುಂದೆ ಇಡಬೇಕಾದ ಸಾಕ್ಷಿಯೆಲ್ಲ ಕೊಂಡವರ ಮನೆಯಲ್ಲಿರುತ್ತದೆ: ಬಾಕ್ಸ್, ಒದ್ದೆ, ಕಲೆ, ಸಮಯ. ಪಾರ್ಸೆಲ್ ಕಳಿಸುವಾಗ ಒಣಗಿತ್ತು ಅನ್ನೋ ಸಾಕ್ಷಿ ಮಾತ್ರ ಮಾರಿದವರ ಹತ್ತಿರ. ಇಬ್ಬರ ಕಾಗದವೂ ಒಂದೇ ಫೈಲಿಗೆ ಬರದಿದ್ದರೆ ಕ್ಲೇಮ್ ನಿಲ್ಲುವುದಿಲ್ಲ. ಮೊದಲ ಫೋನಿನಲ್ಲೇ ಒಬ್ಬರಿಗೊಬ್ಬರು ಜಗಳಾಡಿದರೆ ಲಾಭ ಮೂರನೆಯವರಿಗೆ.

ಬಾಗಿಲಲ್ಲಿ: ಸಹಿ ಮಾಡುವ ಮುಂಚಿನ ಎರಡು ನಿಮಿಷ

ಒದ್ದೆ ಬಾಕ್ಸ್ ಕಂಡರೆ ತಗೊಳ್ಳಬೇಕೋ, ವಾಪಸ್ ಕಳಿಸಬೇಕೋ? ಬಟ್ಟೆ, ಪುಸ್ತಕ, ತಿನ್ನುವ ಪದಾರ್ಥ ಆದರೆ ತಗೊಳ್ಳಿ ಅಂತ ನಾನು ಹೇಳುತ್ತೇನೆ. ವಾಪಸ್ ಕಳಿಸಿದರೆ ಅದು ಒದ್ದೆಯಾಗಿಯೇ ಇನ್ನೂ ನಾಲ್ಕೈದು ದಿನ ಗೋಡೌನಿನಲ್ಲಿ ಬಿದ್ದಿರುತ್ತದೆ. ಒದ್ದೆ ಬಟ್ಟೆಗೆ, ಕಾಗದಕ್ಕೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಬಹುದು. ಉಳಿಯಬಹುದಾದದ್ದೂ ಹಾಳಾಗುತ್ತದೆ, ಯಾವಾಗ ತೊಯ್ತು ಅನ್ನೋದೂ ಗೊತ್ತಾಗದೆ ಹೋಗುತ್ತದೆ. ದುಬಾರಿ ಮೊಬೈಲ್, ಲ್ಯಾಪ್‌ಟಾಪ್ ಆಗಿದ್ದು, ಬಾಗಿಲಲ್ಲೇ ತೆರೆದು ತೋರಿಸುವ ವ್ಯವಸ್ಥೆ ಇದ್ದರೆ ಮಾತ್ರ ಲೆಕ್ಕ ಬೇರೆ. ಒದ್ದೆ ಕಂಡರೆ ಒಟಿಪಿ ಕೊಡಬೇಡಿ, ಅಲ್ಲೇ ನಿರಾಕರಿಸಿ. ಒಳಗೆ ತಗೊಂಡಿದ್ದರೆ ಆನ್ ಮಾಡಿ ನೋಡಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ.

ತಗೊಳ್ಳುವಾಗ ಕಾಗದದ ಮೇಲೆ ಸಹಿ ಇದ್ದರೆ, ಸಹಿಯ ಮೇಲೆ ಒಂದು ಸಾಲು ಬರೆಯಿರಿ: "ಪಾರ್ಸೆಲ್ ಒದ್ದೆಯಾಗಿ ಬಂದಿದೆ, ಒಳಗಿನ ವಸ್ತು ನೋಡಿಲ್ಲ." ಜೊತೆಗೆ ಸಮಯ. ಆ ಹಾಳೆಯ ಫೋಟೊ ತಗೊಳ್ಳಿ. ಈಗೀಗ ಹುಡುಗರು ಮೊಬೈಲ್ ಸ್ಕ್ರೀನಿನ ಮೇಲೆ ಬೆರಳಿನಿಂದ ಗೀಚಿಸಿಕೊಳ್ಳುತ್ತಾರೆ, ಬರೆಯಲು ಜಾಗವೇ ಇರೋದಿಲ್ಲ. ನನ್ನ ಕತೆಯೂ ಅದೇ. ಆಗ ಬಾಕ್ಸ್ ಇನ್ನೂ ಹೊಸ್ತಿಲ ಮೇಲಿದ್ದಾಗಲೇ ಒಂದು ಫೋಟೊ ತೆಗೆದು, ಮಾರಿದವರಿಗೆ ವಾಟ್ಸಾಪ್ ಮಾಡಿ, ಕೊರಿಯರ್‌ನ ದೂರು ವಿಭಾಗಕ್ಕೆ ಮೇಲ್ ಹಾಕಿ. ಹತ್ತು ನಿಮಿಷದೊಳಗೆ ಹೋದ ಸಂದೇಶ ಆ ಸಾಲಿನ ಕೆಲಸವನ್ನೇ ಮಾಡುತ್ತದೆ. ಡೆಲಿವರಿ ಹುಡುಗನ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಅವನೂ ತೊಯ್ದೇ ಬಂದಿರುತ್ತಾನೆ, ಸಾಮಾನ್ಯವಾಗಿ ಅವನ ತಪ್ಪೂ ಆಗಿರುವುದಿಲ್ಲ.

ತೆರೆಯುವ ಮುಂಚೆ: ತೂಕ

ಯಾರೂ ಹೇಳಿಕೊಡದ, ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಸಾಕ್ಷಿ ಇದು. ಬಾಕ್ಸ್ ಬಿಚ್ಚುವ ಮುಂಚೆ ತೂಕ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಲ್ಲದಿದ್ದರೆ ಓಣಿಯ ಕಿರಾಣಿ ಅಂಗಡಿಗೆ ಒಯ್ಯಿರಿ. ತಕ್ಕಡಿಯ ಅಂಕಿ, ಬಾಕ್ಸಿನ ಮೇಲಿನ ಲೇಬಲ್ ಎರಡೂ ಒಂದೇ ಫೋಟೊದಲ್ಲಿ ಕಾಣಬೇಕು.

ನಮ್ಮ ಬಾಕ್ಸ್ 1.710 ಕಿಲೊ ಬಂತು. ಬೆಟಗೇರಿಯ ಅಕ್ಕನಿಗೆ ಬುಕಿಂಗ್ ರಸೀದಿ ಕಳಿಸಲು ಹೇಳಿದೆ. ಅದರಲ್ಲಿ 1.340 ಕಿಲೊ. 370 ಗ್ರಾಂ ಎಲ್ಲಿಂದ ಬಂತು? ನೀರು, ಮತ್ತೇನಲ್ಲ. ಹತ್ತಿರ ಹತ್ತಿರ ಎರಡು ಚಹಾ ಲೋಟ ತುಂಬಾ ನೀರು. ಮೂರು ದಿನ ನೆರಳಲ್ಲಿ ಒಣಗಿಸಿ, ಅದೇ ಬಾಕ್ಸಿನಲ್ಲಿ ಅವೇ ಸೀರೆ, ಅದೇ ಪ್ಯಾಕಿಂಗ್ ಇಟ್ಟು ಮತ್ತೆ ತೂಗಿದಾಗ 1.350 ಬಂತು. ಈ ಮೂರು ಅಂಕಿ ಸೇರಿ ಒಂದೇ ಮಾತು ಹೇಳುತ್ತವೆ: ಬುಕ್ ಮಾಡಿದಾಗ ಪಾರ್ಸೆಲ್ ಒಣಗಿತ್ತು, ನೀರು ಹೊಕ್ಕಿದ್ದು ದಾರಿಯಲ್ಲಿ. "ಕಳಿಸುವಾಗಲೇ ಹಸಿ ಇತ್ತೇನೋ" ಅನ್ನೋ ವಾದ ಅಲ್ಲಿಗೆ ಮುಗಿಯಿತು.

ಒಂದು ಎಚ್ಚರಿಕೆ. ರಸೀದಿಯ ಮೇಲಿನ ತೂಕ ಎಲ್ಲ ಸಲವೂ ನಿಜವಾದ ತೂಕ ಆಗಿರುವುದಿಲ್ಲ. ಹಗುರ, ಆದರೆ ದೊಡ್ಡ ಬಾಕ್ಸಿಗೆ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಲೆಕ್ಕದ ತೂಕ ಹಾಕುತ್ತಾರೆ. ಇನ್ನು ಕೆಲವರು ಅರ್ಧ ಕಿಲೊ ಲೆಕ್ಕದಲ್ಲಿ ಮೇಲಕ್ಕೆ ಏರಿಸಿ ಬರೆಯುತ್ತಾರೆ. ಅಂಥ ಅಂಕಿ ಹೋಲಿಸಲು ಬರುವುದಿಲ್ಲ. ಮಾರಾಟಗಾರರು ಪ್ಯಾಕ್ ಮಾಡಿದ ಮೇಲೆ ತಮ್ಮ ತಕ್ಕಡಿಯ ಮೇಲೆ ಬಾಕ್ಸ್ ಇಟ್ಟು ಒಂದು ಫೋಟೊ ತೆಗೆದಿಟ್ಟರೆ ಈ ಗೊಂದಲವೇ ಇಲ್ಲ.

ನೀರಿನ ಗೆರೆ ಓದುವುದು

ಒದ್ದೆ ರಟ್ಟು ತಾನು ಎಲ್ಲಿ ತೊಯ್ದೆ ಅಂತ ಹೇಳುತ್ತದೆ, ನೋಡುವ ಕಣ್ಣು ಬೇಕು ಅಷ್ಟೆ. ಬೈಕಿನ ಮೇಲೆ ಮಳೆ ಬಿದ್ದಿದ್ದರೆ ಮೇಲ್ಭಾಗ ಮತ್ತು ಒಂದು ಪಕ್ಕ ಜಾಸ್ತಿ ಒದ್ದೆ, ಹನಿ ಹನಿಯಾಗಿ ಮಚ್ಚೆ, ಲೇಬಲ್ಲೂ ತೊಯ್ದಿರುತ್ತದೆ. ನೀರು ನಿಂತ ನೆಲದ ಮೇಲೆ ಬಾಕ್ಸ್ ಕೂತಿದ್ದರೆ ತಳ ಮೆತ್ತಗೆ. ನಾಲ್ಕೂ ಪಕ್ಕದಲ್ಲಿ ಒಂದೇ ಎತ್ತರಕ್ಕೆ ಕಂದು ಗೆರೆ ಎದ್ದಿರುತ್ತದೆ.

ನಮ್ಮ ಬಾಕ್ಸಿನಲ್ಲಿ ಮೇಲೆ ಬಿದ್ದ ಹನಿ ನಾಲ್ಕೈದು ಅಷ್ಟೆ, ಲೇಬಲ್ ಗರಿಗರಿ ಇತ್ತು. ಕೆಳಗೆ ಮಾತ್ರ ಸುತ್ತಲೂ ಗೆರೆ. ಅವ್ವನ ಹೊಲಿಗೆ ಟೇಪ್ ಹಿಡಿದು ನೋಡಿದೆ, ಎಲ್ಲ ಕಡೆ ಸುಮಾರು 3 ಸೆಂಟಿಮೀಟರ್. ಗೆರೆಯ ಅಂಚು ಆಗಲೇ ಒಣಗಿ ಗಟ್ಟಿಯಾಗಿತ್ತು. ಹತ್ತು ನಿಮಿಷದ ಹಿಂದೆ ತೊಯ್ದ ರಟ್ಟಿಗೆ ಒಣಗಿದ ಅಂಚು ಇರುವುದಿಲ್ಲ. ಅಂದ್ರೆ ಸಂಜೆಯ ಮಳೆಗೂ ಇದಕ್ಕೂ ಸಂಬಂಧ ಇಲ್ಲ, ಹಿಂದಿನ ರಾತ್ರಿ ಎಲ್ಲೋ ನೀರಿನಲ್ಲಿ ಕೂತಿದೆ. ಪಾಪ, ಆ ಹುಡುಗ ತನಗೆ ಗೊತ್ತಿಲ್ಲದೆ ತಪ್ಪು ತನ್ನ ಮೈಮೇಲೆ ಎಳೆದುಕೊಂಡಿದ್ದ.

ಇನ್ನೂ ಹಳೆಯದಾದರೆ ಬಿಚ್ಚಿದ ತಕ್ಷಣ ಮುಗ್ಗಲು ವಾಸನೆ ಬರುತ್ತದೆ, ಕಪ್ಪು ಚುಕ್ಕೆ ಕಾಣುತ್ತವೆ. ಅದನ್ನು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ. ವಾಸನೆ ಕ್ಯಾಮೆರಾಕ್ಕೆ ಬರೋದಿಲ್ಲ ಅಲ್ವಾ.

ತೆರೆಯುವ ವಿಡಿಯೊ

ಒಂದೇ ಉಸಿರಿನ ವಿಡಿಯೊ ಬೇಕು, ನಡುವೆ ನಿಲ್ಲಿಸಬಾರದು. ಮೂರು ನಾಲ್ಕು ನಿಮಿಷ ಸಾಕು. ಮೊದಲು ಲೇಬಲ್ ಮತ್ತು ಟ್ರ್ಯಾಕಿಂಗ್ ನಂಬರ್ ಓದುವಂತೆ ಹತ್ತಿರದಿಂದ. ಆಮೇಲೆ ಆರೂ ಮುಖ, ತಳ ಮರೆಯಬೇಡಿ. ಟೇಪು ಎಲ್ಲೂ ಬಿಚ್ಚಿಲ್ಲ ಅಂತ ತೋರಿಸಿ, ಆಮೇಲೆ ಕತ್ತರಿಸಿ. ಒಳಗಿನ ಪ್ಲಾಸ್ಟಿಕ್ ಕವರ್ ಇದ್ದರೆ ಅದು ಹರಿದಿದೆಯೋ, ಬಾಯಿ ತೆರೆದಿದೆಯೋ ನಿಧಾನವಾಗಿ ತೋರಿಸಿ. ವಸ್ತುವನ್ನು ಒಂದೊಂದೇ ಪದರ ಎತ್ತಿ. ಬಿಲ್ಲು ಒಳಗೆ ಸಿಕ್ಕರೆ ಅದನ್ನೂ.

ಬಣ್ಣ ಬಿಟ್ಟ ಬಟ್ಟೆಗೆ ಒಂದು ಸಣ್ಣ ಪರೀಕ್ಷೆ ಇದೆ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ದಡಿಯ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು, ಎತ್ತಿ ತೋರಿಸಿ. ಕೆಂಪು ಬಂದರೆ ಕಲೆ ದಡಿಯಿಂದಲೇ ಬಂದಿದ್ದು ಅಂತ ಗೊತ್ತಾಗುತ್ತದೆ. ಉಜ್ಜಬೇಡಿ, ಉಜ್ಜಿದರೆ ಕಲೆ ಹರಡಿದ್ದು ನಿಮ್ಮಿಂದ ಅಂತಾರೆ.

ನಾನು ಮಾಡಿದ ತಪ್ಪು ಇಲ್ಲೇ. ವಿಡಿಯೊವನ್ನು ಸುಮ್ನೆ ವಾಟ್ಸಾಪಿನಲ್ಲಿ ಅಕ್ಕನಿಗೆ ಕಳಿಸಿದೆ. ಅದು ಗಾತ್ರ ಕುಗ್ಗಿಸಿ ಕಳಿಸುತ್ತದೆ, ಫೋಟೊದ ಒಳಗೆ ದಾಖಲಾದ ತಾರೀಕು, ಸಮಯವೂ ಉಳಿಯುವುದಿಲ್ಲ. ಅವರು ಮುಂದೆ ಕೊರಿಯರ್‌ಗೆ ಕಳಿಸಿದಾಗ "ಸ್ಪಷ್ಟ ಇಲ್ಲ" ಅಂತ ತಿರುಗಿ ಬಂತು. ಮರುದಿನ ಡಾಕ್ಯುಮೆಂಟ್ ಆಗಿ ಕಳಿಸಿದ ಮೇಲೆ ಸರಿಹೋಯಿತು. ಮೂಲ ಫೈಲು ಫೋನಿನಲ್ಲೇ ಇರಲಿ, ಕ್ಲೇಮ್ ಮುಗಿಯುವವರೆಗೆ ಅಳಿಸಬೇಡಿ. ಮುಂದೆ ಗ್ರಾಹಕರ ಆಯೋಗದವರೆಗೂ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೊ ಜೊತೆ ಪ್ರಮಾಣಪತ್ರ ಕೇಳಬಹುದು. ಮೂಲ ಫೈಲು ನಿಮ್ಮ ಹತ್ತಿರ ಇದ್ದರೆ ಅದನ್ನು ಕೊಡುವುದು ಸುಲಭ.

ದಾಖಲೆ ಮುಗಿದ ಮೇಲೆ ವಸ್ತು ಉಳಿಸಿಕೊಳ್ಳಿ. ಸೀರೆಯಾದರೆ ಮಡಿಕೆ ಬಿಚ್ಚಿ, ಪದರದ ನಡುವೆ ಹಳೆಯ ಬಿಳಿ ಪಂಚೆ ಹಾಸಿ, ಫ್ಯಾನಿನ ಕೆಳಗೆ ಹರಡಿ. ಬಿಸಿಲಿಗೆ ಹಾಕಬೇಡಿ, ತೊಳೆಯಬೇಡಿ. ಬಾಕ್ಸನ್ನೂ ಒಣಗಿಸಿ ಇಡಿ, ರದ್ದಿಗೆ ಹಾಕಬೇಡಿ. ಕೊರಿಯರ್‌ನವರು ನೋಡಲು ಬರುತ್ತೇವೆ ಅಂದರೆ ತೋರಿಸಲು ಬೇಕು.

ಟ್ರ್ಯಾಕಿಂಗ್ ಮತ್ತು ಮಳೆಯ ದಾಖಲೆ

ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಅದೇ ದಿನ ತೆಗೆಯಿರಿ. ಕೆಲವು ವಾರ ಕಳೆದ ಮೇಲೆ ಒಳಗಿನ ವಿವರ ಸಿಗದೆ ಹೋಗಬಹುದು. ನಮ್ಮದರಲ್ಲಿ ಹೀಗಿತ್ತು: ಸೋಮವಾರ ಸಂಜೆ ಗದಗದಲ್ಲಿ ಬುಕಿಂಗ್, ಮಂಗಳವಾರ ರಾತ್ರಿ 9:50ಕ್ಕೆ ಹುಬ್ಬಳ್ಳಿಯ ಗೋಡೌನ್, ಬುಧವಾರ ಮಧ್ಯಾಹ್ನ 3:20ಕ್ಕೆ ಡೆಲಿವರಿಗೆ ಹೊರಟಿದ್ದು. ನಡುವೆ ಹದಿನೇಳೂವರೆ ತಾಸು ಒಂದೇ ಕಡೆ. ನೀರಿನ ಗೆರೆ ಹೇಳಿದ್ದನ್ನೇ ಟ್ರ್ಯಾಕಿಂಗೂ ಹೇಳಿತು.

ಆ ರಾತ್ರಿ ಮಳೆ ಆಗಿತ್ತು ಅನ್ನೋದಕ್ಕೂ ದಾಖಲೆ ಹುಡುಕಬಹುದು. ಹವಾಮಾನ ಇಲಾಖೆಯೂ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ದಿನದ ಮಳೆ ಲೆಕ್ಕ ಕೊಡುತ್ತವೆ. ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಆ ದಿನದ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ಮಂಗಳವಾರ ರಾತ್ರಿ ಬಿದ್ದ ಮಳೆ ಬುಧವಾರದ ವರದಿಯಲ್ಲಿ ಬರುತ್ತದೆ. ಮಂಗಳವಾರದ ಹಾಳೆ ಲಗತ್ತಿಸಿದರೆ ಅದರಲ್ಲಿ ಸೊನ್ನೆಯೂ ಇರಬಹುದು, ಕೈಯಾರೆ ನಮ್ಮ ಕ್ಲೇಮ್ ಕೆಡಿಸಿಕೊಂಡಂತೆ.

ಇನ್ನೊಂದು. ಮಳೆ ಜೋರಾಗಿತ್ತು ಅಂತ ತೀರಾ ಒತ್ತಿ ಬರೆಯಬೇಡಿ. "ದೇವರ ಕೈಯಲ್ಲಿದ್ದದ್ದು, ನಮ್ಮ ಜವಾಬ್ದಾರಿ ಅಲ್ಲ" ಅಂತ ಕೊರಿಯರ್‌ನವರು ಅದನ್ನೇ ತಿರುಗಿಸುತ್ತಾರೆ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಇರುವುದು ನಿಜ. ಈ ಕಾಯ್ದೆ ಲಾರಿಯವರಿಗಷ್ಟೇ ಅಲ್ಲ, ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆದರೆ ತಕ್ಕ ಎಚ್ಚರ ವಹಿಸಿದ್ದರೆ ನಷ್ಟ ತಪ್ಪಿಸಬಹುದಿತ್ತು ಅಂತಾದರೆ ಆ ವಿನಾಯಿತಿ ಸಿಗುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ಮಳೆ ಬರುವುದು ಯಾರಿಗೂ ಹೊಸ ಸುದ್ದಿಯಲ್ಲ. ಬಾಕ್ಸನ್ನು ನೆಲದ ಮೇಲಿಡದೆ ಮರದ ಹಲಗೆಯ ಮೇಲೆ ಇಟ್ಟಿದ್ದರೆ ಆ 3 ಸೆಂಟಿಮೀಟರ್ ಗೆರೆ ಬೀಳುತ್ತಿರಲಿಲ್ಲ. ಪತ್ರದಲ್ಲಿ ಒತ್ತಿ ಹೇಳಬೇಕಾದ್ದು ಇದನ್ನು.

ಮಾರಿದವರ ಸರದಿ: ಕ್ಲೇಮ್ ಪತ್ರ

"ಅಣ್ಣಾರ, ನೀವು ಚಿಂತಿ ಮಾಡಬ್ಯಾಡ್ರಿ, ರೊಕ್ಕ ನಾ ಕೊಡ್ತೀನಿ. ಆದ್ರ ಆ ಡಬ್ಬಿ ಒಗೀಬ್ಯಾಡ್ರಿ" ಅಂದರು ಅಕ್ಕ. ಇದಕ್ಕಿಂತ ಒಳ್ಳೆಯ ಮೊದಲ ಮಾತು ಮಾರಾಟಗಾರರಿಂದ ಬರಲಾರದು.

ಕೊರಿಯರ್‌ಗೆ ದೂರು 24 ಗಂಟೆಯೊಳಗೆ ಹೋಗಲಿ. ಹಾನಿ ತಿಳಿಸಲು 24 ಅಥವಾ 48 ಗಂಟೆ ಅಂತ ಹಲವರು ಷರತ್ತು ಹಾಕಿರುತ್ತಾರೆ, ನಿಮ್ಮದು ಏನು ಅಂತ ರಸೀದಿಯ ಹಿಂಬದಿ ನೋಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ದೂರಿನ ನಂಬರ್ ಬರಬೇಕು. ನಾವು ಬರೆದದ್ದು ಹೆಚ್ಚುಕಡಿಮೆ ಹೀಗೆ:

"ಟ್ರ್ಯಾಕಿಂಗ್ ನಂಬರ್ ಇಂಥದ್ದು. ಬುಕಿಂಗ್ ವೇಳೆ ತೂಕ 1.340 ಕಿಲೊ, ತಲುಪಿದಾಗ 1.710 ಕಿಲೊ, ಒಣಗಿದ ಮೇಲೆ 1.350 ಕಿಲೊ. ಬಾಕ್ಸಿನ ತಳದಿಂದ ನಾಲ್ಕೂ ಪಕ್ಕ 3 ಸೆಂ.ಮೀ. ನೀರಿನ ಗೆರೆ ಇದೆ, ಮೇಲ್ಭಾಗ ಮತ್ತು ಲೇಬಲ್ ಒಣಗಿವೆ. ಮಂಗಳವಾರ ರಾತ್ರಿಯಿಂದ ಬುಧವಾರ ಮಧ್ಯಾಹ್ನದವರೆಗೆ ಪಾರ್ಸೆಲ್ ನಿಮ್ಮ ಗೋಡೌನಿನಲ್ಲಿತ್ತು. ಎರಡು ಸೀರೆಯಲ್ಲಿ ಒಂದು ಪೂರ್ತಿ ಹಾಳಾಗಿದೆ, ₹3,400. ಇನ್ನೊಂದರ ಡ್ರೈಕ್ಲೀನಿಂಗ್ ₹250. ಒಟ್ಟು ₹3,650. ಬಾಕ್ಸ್ ಮತ್ತು ಸೀರೆ ಪರಿಶೀಲನೆಗೆ ಲಭ್ಯ."

ತೂಕದ ಕೊನೆಯ ಅಂಕಿಯನ್ನು ಮೂರು ದಿನದ ಮೇಲೆ ಸೇರಿಸಿ, ಅದೇ ದೂರಿನ ನಂಬರ್ ಹಾಕಿ ಮತ್ತೆ ಕಳಿಸಿದೆವು. ಎರಡೂ ಸೀರೆಯ ಬೆಲೆ ಕೇಳಲಿಲ್ಲ ಅನ್ನೋದನ್ನು ಗಮನಿಸಿ. ಉಳಿಯುವ ವಸ್ತುವನ್ನೂ ಹಾಳಾಯಿತು ಅಂತ ಬರೆದರೆ ನಿಜವಾಗಿ ಹಾಳಾದದ್ದರ ಮೇಲೂ ಅನುಮಾನ ಬರುತ್ತದೆ.

ಪರಿಹಾರಕ್ಕೆ ಮಿತಿ ಇದೆ. ಬುಕ್ ಮಾಡುವಾಗ ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ, 2007ರ ಆ ಕಾಯ್ದೆಯ ನಿಯಮದ ಪ್ರಕಾರ ಸಾಗಣೆ ದರದ ಹತ್ತು ಪಟ್ಟಿಗೇ ಹೊಣೆ ನಿಲ್ಲುತ್ತದೆ, ಅದೂ ಬುಕಿಂಗ್ ವೇಳೆ ಘೋಷಿಸಿದ ಬೆಲೆ ಮೀರದಂತೆ. ನಮ್ಮ ಲೆಕ್ಕದಲ್ಲಿ ₹120ರ ಹತ್ತು ಪಟ್ಟು, ₹1,200. ಅಕ್ಕ ರಿಸ್ಕ್ ದರ ಕಟ್ಟಿರಲಿಲ್ಲ. ಮೊದಲು ಕೊರಿಯರ್‌ನವರು ಪ್ಯಾಕಿಂಗ್ ಸರಿ ಇಲ್ಲ ಅಂತ ಪೂರ್ತಿ ತಳ್ಳಿಹಾಕಿದರು. ಅದರಲ್ಲೂ ಸ್ವಲ್ಪ ನಿಜ ಇತ್ತು. ಒಳಗಿನ ಪ್ಲಾಸ್ಟಿಕ್ ಕವರಿನ ಬಾಯಿ ಮಡಚಿದ್ದು ಅಷ್ಟೆ, ಅಂಟಿಸಿರಲಿಲ್ಲ. ಬಾಯಿಯೂ ಕೆಳಗಡೆಗೇ ಇತ್ತು. ಎರಡನೇ ಪತ್ರಕ್ಕೆ ನೀರಿನ ಗೆರೆಯ ಫೋಟೊ ದೊಡ್ಡದಾಗಿ ಹಚ್ಚಿ ಕಳಿಸಿದ ಮೇಲೆ 26ನೇ ದಿನಕ್ಕೆ ₹1,200 ಬಂತು. ನನಗೆ ₹3,650 ಅಕ್ಕ ಮೊದಲ ವಾರದಲ್ಲೇ ಕೊಟ್ಟಿದ್ದರು. ಉಳಿದ ₹2,450 ಅವರ ಮೈಮೇಲೆ ಬಿತ್ತು.

ಅಂಚೆಯಲ್ಲಿ ಕಳಿಸಿದರೆ ಈ ಕಾಯ್ದೆ ಬರುವುದಿಲ್ಲ, ಸರ್ಕಾರ ಇದರ ಹೊರಗೆ. ಬೆಲೆಬಾಳುವುದನ್ನು ಬುಕ್ ಮಾಡುವಾಗಲೇ ವಿಮೆ ಮಾಡಿಸಿ.

ಮಾತು ನಡೆಯದಿದ್ದರೆ

ಮಾರಿದವರು ಫೋನೇ ಎತ್ತದಿದ್ದರೆ ಕೊಂಡವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೊಡ್ಡ ಆ್ಯಪ್ ಆಗಲಿ, ಇನ್‌ಸ್ಟಾಗ್ರಾಮಿನಲ್ಲಿ ದಿನನಿತ್ಯ ವ್ಯಾಪಾರ ಮಾಡುವವರಾಗಲಿ, ವ್ಯಾಪಾರವೇ ಅವರ ಕೆಲಸ ಅಂದಮೇಲೆ ದೋಷ ಇರುವ ವಸ್ತುವನ್ನು ವಾಪಸ್ ತಗೊಳ್ಳೋದಿಲ್ಲ, ರೊಕ್ಕ ಕೊಡೋದಿಲ್ಲ ಅನ್ನುವಂತಿಲ್ಲ. ಆ್ಯಪ್‌ನವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವರು ಸೂರತ್ತಿನವರಾದರೂ ಹಾವೇರಿಯವರು ಹಾವೇರಿಯಲ್ಲೇ, ಹುಬ್ಬಳ್ಳಿಯವರು ಧಾರವಾಡದಲ್ಲೇ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಅವಧಿ ಎರಡು ವರ್ಷ. e-jagriti.gov.in ಮೂಲಕ ಮನೆಯಿಂದಲೂ ಸಲ್ಲಿಸಬಹುದು.

ಮಾರಿದವರಿಗೆ ಬೇರೆ ಗಡುವು ಇದೆ, ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೊರಿಯರ್ ಮೇಲೆ ಕೇಸು ಹಾಕಬೇಕಾದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಅವರಿಗೆ ತಲುಪಿರಬೇಕು. ಡೆಲಿವರಿ ದಿನದಿಂದ ಅಲ್ಲ. ಇಂದು ಕೊಡ್ತೀವಿ, ನಾಳೆ ಕೊಡ್ತೀವಿ ಅನ್ನುವುದರಲ್ಲೇ ಆರು ತಿಂಗಳು ಕಳೆಯುವುದು ಕಷ್ಟವೇನಲ್ಲ. ಹೊಟ್ಟೆಪಾಡಿಗೆ ಮನೆಯಿಂದ ಸ್ವಂತ ದುಡಿಮೆ ಮಾಡುವವರು, ಬೆಟಗೇರಿಯ ಅಕ್ಕನಂಥವರು, ವ್ಯಾಪಾರಿ ಅಂತ ಹೊರಗುಳಿಯದೆ ಗ್ರಾಹಕರಾಗಿಯೇ ಆಯೋಗಕ್ಕೆ ಹೋಗಬಹುದು. ಅದಕ್ಕಿಂತ ದೊಡ್ಡ ವ್ಯಾಪಾರವಾದರೆ ಸಿವಿಲ್ ಕೋರ್ಟು.

ಸೆಪ್ಟೆಂಬರಿನಲ್ಲಿ ಅಕ್ಕ ಬದಲಿ ಸೀರೆ ಕಳಿಸಿದರು. ಆ ದಿನವೂ ಮಳೆ, ಬಾಕ್ಸ್ ಈ ಸಲವೂ ಮೂಲೆಯಲ್ಲಿ ತೊಯ್ದಿತ್ತು. ಒಳಗೆ ದಪ್ಪ ಕವರು, ಬಾಯಿಗೆ ಎರಡು ಸುತ್ತು ಟೇಪು, ಬಾಯಿ ಮೇಲ್ಗಡೆ. ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ತೂಕ ಬರೆದಿದ್ದರು, 0.780. ಅಭ್ಯಾಸಬಲದಿಂದ ನಾನು ವಿಡಿಯೊ ಹಚ್ಚಿಯೇ ಬಿಚ್ಚಿದೆ. ಸೀರೆ ಒಣಗಿತ್ತು.